ಇಪ್ಪತ್ತು ಮಿಲಿ ಆಂಪಿಯರ್‌ಗೆ ಇಟ್ಟರೂ ಸುಟ್ಟ ಎಲ್‌ಇಡಿ: ನಾನು ಕಟ್ಟಿದ ಮೂರು ಬೆಂಚ್ ಸಪ್ಲೈಗಳು

ಮೊದಲೇ ಹೇಳಿಬಿಡುತ್ತೇನೆ. ಈಗ ನನ್ನ ಟೇಬಲ್ ಮೇಲೆ ಇರುವುದು ಎರಡು ಎಲ್‌ಎಂ317 ರೆಗ್ಯುಲೇಟರ್ ಐಸಿ ಹಾಕಿ ಕಟ್ಟಿದ ಹಳೇ ಮಾದರಿಯ ಸಪ್ಲೈ, ಅಂದರೆ ರಿಪೇರಿ ಹೊತ್ತಿಗೆ ಬೇಕಾದ ವೋಲ್ಟೇಜ್ ಕೊಡುವ ಡಬ್ಬಿ. ಅದಕ್ಕೂ ಮೊದಲು ತಂದ ಎರಡರಲ್ಲಿ ಒಂದು ಬೇರೆ ಕೆಲಸಕ್ಕೆ ಹೋಗಿದೆ, ಇನ್ನೊಂದು ಬಿಸ್ಕತ್ ಡಬ್ಬಿಯಲ್ಲಿ ಮಲಗಿದೆ. ಮೂರನ್ನೂ ದುಡ್ಡು ಕೊಟ್ಟು ಕಲಿತದ್ದರಿಂದ ಬರೆಯುತ್ತಿದ್ದೇನೆ.

ನಾನಿರುವುದು ಗಂಗಾವತಿಯಲ್ಲಿ. ಸಂಜೆ ಹೊತ್ತು ಮನೆಯ ಮುಂದಿನ ಕೋಣೆಯಲ್ಲಿ ಸಣ್ಣಪುಟ್ಟ ರಿಪೇರಿ ಮಾಡುತ್ತೇನೆ. ತಲೆಗೆ ಕಟ್ಟುವ ಟಾರ್ಚ್, ಎಮರ್ಜೆನ್ಸಿ ಲೈಟ್, ರೇಡಿಯೋ, ಔಷಧಿ ಹೊಡೆಯುವ ಬ್ಯಾಟರಿ ಪಂಪ್, ಇಂಥವೇ. ನನಗೆ ಬೇಕಾದದ್ದು ಹೆಚ್ಚೆಂದರೆ 15 ವೋಲ್ಟ್, ಒಂದು ಆಂಪಿಯರ್. ಕರೆಂಟ್ ಲಿಮಿಟ್ ಮಾತ್ರ ನಂಬುವಂತಿರಬೇಕು. ನಿಮ್ಮ ಕೆಲಸ ಬೇರೆಯಾದರೆ ನನ್ನ ತೀರ್ಪು ನಿಮಗೆ ಹೊಂದದೇ ಇರಬಹುದು.

ಮೊದಲು ತಂದದ್ದು ಬಿಡಿಭಾಗಗಳ ಕಿಟ್. 0ರಿಂದ 30 ವೋಲ್ಟ್, 3 ಆಂಪಿಯರ್ ಅಂತ ಎಲ್ಲ ಕಡೆ ಸಿಗುತ್ತದಲ್ವಾ, ಅದೇ. 24 ವೋಲ್ಟ್ ಟ್ರಾನ್ಸ್‌ಫಾರ್ಮರ್ ಹಾಕಿ ಅಂತ ಹಾಳೆಯಲ್ಲಿ ಬರೆದಿತ್ತು, ಹಾಕಿದೆ. ಹಗಲೆಲ್ಲ ಚೆನ್ನಾಗಿ ನಡೆಯಿತು. ಅದೇ ರಾತ್ರಿ ಹನ್ನೊಂದರ ಹೊತ್ತಿಗೆ ನಾಬ್ ತಿರುಗಿಸಿದರೆ ಔಟ್‌ಪುಟ್ ಕದಲಲೇ ಇಲ್ಲ, ಮೇಲೆಯೇ ನಿಂತುಬಿಟ್ಟಿತು. ಗೋಡೆಯ ಪ್ಲಗ್ಗಿಗೆ ಮೀಟರ್ ಹಿಡಿದು ನೋಡಿದೆ, 251 ವೋಲ್ಟ್. ನಮ್ಮ ಕಡೆ ಹೀಗೇ. ಹಗಲು ರೈಸ್ ಮಿಲ್ಲು, ಪಂಪ್‌ಸೆಟ್ಟು ಓಡುವಾಗ 190ಕ್ಕೆ ಇಳಿಯುತ್ತದೆ, ಅವೆಲ್ಲ ನಿಂತ ಮೇಲೆ ಏರುತ್ತದೆ.

ಲೆಕ್ಕ ಹಾಕಿದಾಗ ಕಾರಣ ಸಿಕ್ಕಿತು. 24 ವೋಲ್ಟ್ ಅಂದರೆ 230 ವೋಲ್ಟ್ ಲೈನಿನಲ್ಲಿ ಪೂರ್ತಿ ಲೋಡ್ ಇದ್ದಾಗ. ಲೋಡ್ ಇಲ್ಲದಿದ್ದರೆ ಸುಮಾರು ಶೇಕಡಾ 10 ಜಾಸ್ತಿ ಇರುತ್ತದೆ, ರಾತ್ರಿಯ ಲೈನ್ ಇನ್ನಷ್ಟು ಸೇರಿಸುತ್ತದೆ. ಎಲ್ಲ ಸೇರಿ 28 ದಾಟುತ್ತದೆ. ಬ್ರಿಡ್ಜ್ ಮತ್ತು ಕೆಪಾಸಿಟರ್ ಆದ ಮೇಲೆ 39 ವೋಲ್ಟ್ ಡಿಸಿ. ಕಿಟ್‌ನಲ್ಲಿದ್ದ ಟಿಎಲ್081 ಐಸಿ ತಾಳುವುದು ಒಟ್ಟು 36. ಸಾಲದ್ದಕ್ಕೆ ಅದಕ್ಕೆ ಕೆಳಗಿನಿಂದ ಮೈನಸ್ 5 ವೋಲ್ಟಿನ ಸಪ್ಲೈಯೂ ಇದೆ. ಸಾಯದೆ ಏನು ಮಾಡೀತು? 44 ವೋಲ್ಟ್ ತಾಳುವ ಟಿಎಲ್‌ಇ2141 ಹಾಕಿ ಸರಿಮಾಡಿಕೊಳ್ಳುವವರೂ ಇದ್ದಾರೆ. ನನಗೆ ಅಷ್ಟು ತಾಳ್ಮೆ ಇರಲಿಲ್ಲ.

ಅಲ್ಲಿಂದ ಒಂದು ಬುದ್ಧಿ ಬಂತು. ಟ್ರಾನ್ಸ್‌ಫಾರ್ಮರ್ ನಮ್ಮೂರಿನ ಲೈನಿಗೆ ತಕ್ಕಂತೆ ಇರಬೇಕು. ಪಂಪ್‌ಸೆಟ್ ಮೋಟಾರು, ಸ್ಟೆಬಿಲೈಸರು ಸುತ್ತುವ ವೈಂಡಿಂಗ್ ಅಂಗಡಿಗೆ ಹೋಗಿ 18 ವೋಲ್ಟ್, 2 ಆಂಪಿಯರ್ ಹೇಳಿದೆ. ಅಂಗಡಿಯ ಚಾಚಾ, ‘ಹದಿನೆಂಟು ಸುತ್ತತೀನಿ, ನಡುವ ಹನ್ನೆರಡಕ್ಕ ಒಂದು ವೈರ್ ಹೊರಗ ತಗೀಲೇನು?’ ಅಂದರು. ನಾನು ಸುಮ್ನೆ ಹೂಂ ಅಂದೆ. ಆ ಒಂದು ವೈರ್ ಆಮೇಲೆ ಎಷ್ಟು ಉಪಕಾರಕ್ಕೆ ಬಂತು ಅಂತ ಮುಂದೆ ಹೇಳುತ್ತೇನೆ. 18 ವೋಲ್ಟಾದರೆ ರಾತ್ರಿ 250 ಇದ್ದರೂ ಡಿಸಿ 30 ದಾಟುವುದಿಲ್ಲ.

ಎರಡನೆಯದು ಎಕ್ಸ್‌ಎಲ್4015 ಬಕ್ ಮಾಡ್ಯೂಲ್, ಅಂದರೆ ಡಿಸಿ ವೋಲ್ಟೇಜನ್ನು ಇಳಿಸಿಕೊಡುವ ರೆಡಿ ಬೋರ್ಡು. ಟ್ರಾನ್ಸ್‌ಫಾರ್ಮರ್, ಬ್ರಿಡ್ಜ್, ದೊಡ್ಡ ಕೆಪಾಸಿಟರ್, ಅದರ ಮುಂದೆ ಈ ಸಣ್ಣ ಬೋರ್ಡು. ಒಂದು ಸ್ಕ್ರೂ ವೋಲ್ಟೇಜಿಗೆ, ಇನ್ನೊಂದು ಕರೆಂಟಿಗೆ. ಬಿಸಿ ಕಡಿಮೆ, ಬೆಲೆ ಕಡಿಮೆ, ಅರ್ಧ ಗಂಟೆಯ ಕೆಲಸ. ಒಂದು ವಾರ ನಾನೇ ಎಲ್ಲರಿಗೂ ಇದನ್ನು ಹೊಗಳಿಕೊಂಡು ತಿರುಗಿದೆ.

ಆಮೇಲೆ ಒಂದು ಟಾರ್ಚ್ ಬಂತು. ಅದರ ಎಲ್‌ಇಡಿಗಳನ್ನು ಒಂದೊಂದಾಗಿ ಪರೀಕ್ಷಿಸಬೇಕಿತ್ತು. ಸಪ್ಲೈಯನ್ನು 12 ವೋಲ್ಟಿಗೆ ಇಟ್ಟೆ. ಎರಡು ವೈರ್ ಶಾರ್ಟ್ ಮಾಡಿ ಮೀಟರ್ ನೋಡಿಕೊಂಡು ಕರೆಂಟನ್ನು 20 ಮಿಲಿ ಆಂಪಿಯರ್‌ಗೆ ಕೂರಿಸಿದೆ. ಎಲ್‌ಇಡಿಗೆ ಮುಟ್ಟಿಸಿದೆ. ಒಂದು ಕ್ಷಣ ಬಿಳಿ ಮಿಂಚು, ಆಮೇಲೆ ಕತ್ತಲೆ. ಮೊದಲೇ ಕೆಟ್ಟಿತ್ತೇನೋ ಅಂತ ಎರಡನೆಯದಕ್ಕೆ ಮುಟ್ಟಿಸಿದೆ. ಅದೇ ಕಥೆ. ಮೂರನೆಯದೂ ಹೋದ ಮೇಲೆ ಕೈ ನಿಲ್ಲಿಸಿದೆ. ಲಿಮಿಟ್ ಸ್ಕ್ರೂ ಜಾರಿದೆಯೇನೋ ಅಂತ ಮತ್ತೆ ಶಾರ್ಟ್ ಮಾಡಿ ನೋಡಿದರೆ ಮೀಟರ್ ಅದೇ 20 ತೋರಿಸುತ್ತಿದೆ!

ಎರಡು ದಿನ ತಲೆ ಕೆಡಿಸಿಕೊಂಡೆ. ಸುಳಿವು ಸಿಕ್ಕಿದ್ದು ಅಕಸ್ಮಾತ್ತಾಗಿ. ಒಮ್ಮೆ ಎಲ್‌ಇಡಿಯನ್ನು ಮೊದಲೇ ಕ್ಲಿಪ್ಪಿಗೆ ಕಚ್ಚಿಸಿ, ಆಮೇಲೆ ಸ್ವಿಚ್ ಹಾಕಿದೆ. ಅದು ಸುಡಲಿಲ್ಲ, ತಣ್ಣಗೆ ಉರಿಯಿತು. ಅದೇ ಎಲ್‌ಇಡಿಯನ್ನು ಬಿಚ್ಚಿ, ಸಪ್ಲೈ ಆನ್ ಇರುವಾಗಲೇ ಮುಟ್ಟಿಸಿದೆ. ಸತ್ತಿತು. ಅಂದರೆ ತಪ್ಪು ಲಿಮಿಟ್‌ನಲ್ಲಿ ಇರಲಿಲ್ಲ, ಲಿಮಿಟ್ ಆದ ಮೇಲಿನ ಜಾಗದಲ್ಲಿತ್ತು.

ಮಾಡ್ಯೂಲಿನ ಔಟ್‌ಪುಟ್‌ನಲ್ಲಿ ಒಂದು 220 ಮೈಕ್ರೋಫ್ಯಾರಡ್ ಕೆಪಾಸಿಟರ್ ನಿಂತಿದೆ. ಲೋಡ್ ಇಲ್ಲದಾಗ ಅದು 12 ವೋಲ್ಟಿಗೆ ತುಂಬಿಕೊಂಡಿರುತ್ತದೆ. 3 ವೋಲ್ಟಿನ ಎಲ್‌ಇಡಿ ಮುಟ್ಟಿಸಿದ ಕೂಡಲೇ ಅದರಲ್ಲಿದ್ದದ್ದೆಲ್ಲ ಎಲ್‌ಇಡಿ ಮೂಲಕ ಸುರಿಯುತ್ತದೆ. ತಡೆಯುವುದಕ್ಕೆ ವೈರಿನ ಸಣ್ಣ ರೆಸಿಸ್ಟೆನ್ಸ್ ಮತ್ತು ಎಲ್‌ಇಡಿಯದ್ದು ಬಿಟ್ಟರೆ ಬೇರೇನಿಲ್ಲ. ಆ ಒಂದು ಚಿಟಿಕೆ ಹೊತ್ತಿನಲ್ಲಿ ಆಂಪಿಯರ್‌ಗಟ್ಟಲೆ ಹರಿಯುತ್ತದೆ. ಕರೆಂಟ್ ತಡೆಯುವ ಸರ್ಕ್ಯೂಟ್ ಇರುವುದು ಕೆಪಾಸಿಟರಿನ ಹಿಂದೆ, ಬೋರ್ಡಿನ ಒಳಕ್ಕೆ. ಅದು ತಡೆಯುವುದು ಕೆಪಾಸಿಟರ್ ಮತ್ತೆ ತುಂಬುವ ವೇಗವನ್ನು, ಖಾಲಿಯಾಗುವುದನ್ನು ಅಲ್ಲ. ಮೀಟರ್ ಇಷ್ಟು ಬೇಗ ನೋಡಲಾರದು. ಅದಕ್ಕೇ ಅದು ಯಾವಾಗಲೂ 20 ಅಂತ ಹೇಳುತ್ತಿತ್ತು, ಸುಳ್ಳು ಹೇಳಲಿಲ್ಲ ಪಾಪ.

ಹಾಗಾದರೆ ಕೆಪಾಸಿಟರ್ ಕಿತ್ತುಬಿಡೋಣ ಅಂದರೆ ಆಗುವುದಿಲ್ಲ. ಬಕ್ ಸರ್ಕ್ಯೂಟ್ ಕರೆಂಟನ್ನು ತುಂಡು ತುಂಡಾಗಿ ಕೊಡುತ್ತದೆ, ಅದನ್ನು ನಯ ಮಾಡುವುದೇ ಆ ಕೆಪಾಸಿಟರ್. ತೆಗೆದರೆ ಔಟ್‌ಪುಟ್ ನೆಟ್ಟಗಿರುವುದಿಲ್ಲ. ಮುಟ್ಟಿಸುವ ಮೊದಲು ವೋಲ್ಟೇಜನ್ನು 3ಕ್ಕೆ ಇಳಿಸಬೇಕು, ಇಲ್ಲವೇ ವೈರಿಗೆ ಒಂದು ರೆಸಿಸ್ಟರ್ ಸೇರಿಸಬೇಕು. ಪ್ರತಿ ಸಲ ನೆನಪಿಟ್ಟುಕೊಂಡು ಮಾಡುವವನು ನಾನಲ್ಲ.

ಇದರದ್ದೇ ಇನ್ನೆರಡು ಸಣ್ಣ ತಕರಾರು. ಇನ್‌ಪುಟ್ ಮೈನಸ್ಸೂ ಔಟ್‌ಪುಟ್ ಮೈನಸ್ಸೂ ಒಂದೇ ಅಲ್ಲ, ನಡುವೆ ಕರೆಂಟ್ ಅಳೆಯುವ ರೆಸಿಸ್ಟರ್ ಇದೆ. ಎರಡನ್ನೂ ಒಂದೇ ಲೋಹದ ಡಬ್ಬಿಗೆ ಕಚ್ಚಿಸಿದರೆ ಲಿಮಿಟ್ ಕೆಲಸ ಮಾಡುವುದಿಲ್ಲ. ಜೊತೆಗೆ ಮೀಡಿಯಂ ವೇವ್ ರೇಡಿಯೋಕ್ಕೆ ಹಚ್ಚಿದರೆ ಧಾರವಾಡ ಆಕಾಶವಾಣಿಯ ಮೇಲೆ ಸಿಳ್ಳೆ.

ಈಗ ನನ್ನ ಮುದ್ದಿನದು. ಎರಡು ಎಲ್‌ಎಂ317 ಒಂದರ ಹಿಂದೆ ಒಂದು. ಮೊದಲನೆಯದು ಕರೆಂಟ್ ಕಾಯುತ್ತದೆ, ಎರಡನೆಯದು ವೋಲ್ಟೇಜ್ ಕೊಡುತ್ತದೆ. ಈ ಐಸಿ ತನ್ನ ಔಟ್‌ಪುಟ್ ಕಾಲಿಗೂ ಅಡ್ಜಸ್ಟ್ ಕಾಲಿಗೂ ನಡುವೆ ಯಾವಾಗಲೂ 1.25 ವೋಲ್ಟ್ ಇಡಲು ನೋಡುತ್ತದೆ. ಆ ನಡುವೆ ಒಂದು ರೆಸಿಸ್ಟರ್ ಇಟ್ಟು, ಲೋಡನ್ನು ಅಡ್ಜಸ್ಟ್ ಕಾಲಿನ ಕಡೆಯಿಂದ ತೆಗೆದರೆ ಅದೇ ಕರೆಂಟ್ ಲಿಮಿಟ್:

```
I = 1.25 / R
```

ನಾನು ರೋಟರಿ ಸ್ವಿಚ್‌ಗೆ ನಾಲ್ಕು ರೆಸಿಸ್ಟರ್ ಹಾಕಿದ್ದೇನೆ. 62 ಓಮ್‌ಗೆ 20 ಮಿಲಿ, 12 ಓಮ್‌ಗೆ ಸುಮಾರು 100 ಮಿಲಿ, 2.2 ಓಮ್‌ಗೆ ಅರ್ಧ ಆಂಪಿಯರ್‌ಗಿಂತ ಸ್ವಲ್ಪ ಜಾಸ್ತಿ, 1.2 ಓಮ್‌ಗೆ ಒಂದು ಆಂಪಿಯರ್. ಕೊನೆಯ ಎರಡು 5 ವ್ಯಾಟಿನವು. ವೋಲ್ಟೇಜಿಗೆ 120 ಓಮ್ ಮತ್ತು 2 ಕಿಲೋ ಓಮ್ ಪಾಟ್. 240 ಓಮ್ ಹಾಕುವವರೂ ಇದ್ದಾರೆ, ಆದರೆ ಕೆಲವು ಐಸಿಗೆ ಕನಿಷ್ಠ 10 ಮಿಲಿ ಹರಿಯದಿದ್ದರೆ ಲೋಡ್ ಇಲ್ಲದಾಗ ವೋಲ್ಟೇಜ್ ತಾನಾಗಿ ಮೇಲಕ್ಕೇರುತ್ತದೆ. 120 ಹಾಕಿದರೆ ಆ ಚಿಂತೆ ಇಲ್ಲ.

ಔಟ್‌ಪುಟ್‌ನಲ್ಲಿ ಇರುವುದು ಬರೀ 1 ಮೈಕ್ರೋಫ್ಯಾರಡ್. ಮಾಡ್ಯೂಲಿನಲ್ಲಿ ಇದ್ದದ್ದಕ್ಕೆ 220ರಲ್ಲಿ ಒಂದು ಭಾಗ. 12 ವೋಲ್ಟಿಗೆ ಇಟ್ಟು ಎಲ್‌ಇಡಿಗಳನ್ನು ಮುಟ್ಟಿಸುತ್ತಾ ಹೋದೆ, ಒಂದೂ ಸುಡಲಿಲ್ಲ. ಒಂದು ಎಚ್ಚರ ಮಾತ್ರ ಬೇಕು. ಎರಡು ಐಸಿಗಳ ನಡುವೆ ದೊಡ್ಡ ಕೆಪಾಸಿಟರ್ ಹಾಕಬೇಡಿ, 0.1 ಸಾಕು. ನಾನು ಮೊದಲು ಒಳ್ಳೆಯದಾಗಲಿ ಅಂತ ಅಲ್ಲಿ 1000 ಮೈಕ್ರೋಫ್ಯಾರಡ್ ಹಾಕಿದ್ದೆ. ಆಗ ಅದೂ ಕರೆಂಟ್ ಕಾಯುವ ಐಸಿಯ ಮುಂದೆ ಬಂದು ಕೂತಿತು, ಹಳೇ ರೋಗ ಮರಳಿ ಬಂತು.

ಇದರ ಕೊರತೆ ಮುಚ್ಚಿಡುವುದಿಲ್ಲ. ಒಂದು ಆಂಪಿಯರ್ ಹರಿಯುವಾಗ ಎರಡು ಐಸಿ, ಒಂದು ರೆಸಿಸ್ಟರ್ ಸೇರಿ ಸುಮಾರು 5 ವೋಲ್ಟ್ ನುಂಗುತ್ತವೆ. 4700 ಮೈಕ್ರೋಫ್ಯಾರಡ್ ಇದ್ದರೂ ರಿಪಲ್, ಅಂದರೆ ಡಿಸಿಯ ಏರಿಳಿತ, 2 ವೋಲ್ಟ್ ಇರುತ್ತದೆ. ಹೀಗಾಗಿ 18ರ ಟ್ಯಾಪಿನಿಂದ 24 ವೋಲ್ಟ್ ಡಿಸಿ ಬಂದರೆ ಕೈಗೆ ಸಿಗುವುದು 17. ಹಗಲು ಲೈನ್ 190ಕ್ಕೆ ಇಳಿದರೆ 12 ಹೇಗೋ ಸಿಗುತ್ತದೆ, ಅದಕ್ಕಿಂತ ಜಾಸ್ತಿ ಕೇಳಿದರೆ ಸಪ್ಲೈಗೆ ಹಚ್ಚಿದ ಆಂಪ್ಲಿಫೈಯರ್‌ನಲ್ಲಿ ‘ಹ್ಂ’ ಅನ್ನುವ ಸದ್ದು ಶುರುವಾಗುತ್ತದೆ. ಆ ಸದ್ದು ಬಂದರೆ ಕೆಟ್ಟಿರುವುದು ಆಂಪ್ಲಿಫೈಯರ್ ಅಂತ ಬಿಚ್ಚಬೇಡಿ, ಮೊದಲು ಪ್ಲಗ್ಗಿನ ವೋಲ್ಟೇಜ್ ನೋಡಿ.

ಇನ್ನೊಂದು ಬಿಸಿ. 24ರಿಂದ 5 ವೋಲ್ಟ್ ತೆಗೆದು ಒಂದು ಆಂಪಿಯರ್ ಹರಿಸಿದರೆ 19 ವ್ಯಾಟ್ ಬಿಸಿಯಾಗಿ ಹೋಗುತ್ತದೆ. ನಮ್ಮ ಏಪ್ರಿಲ್‌ನಲ್ಲಿ ಕೋಣೆಯೇ 40 ಡಿಗ್ರಿ ಇರುವಾಗ ಐಸಿ ಬೇಗ ಸೋತು ತಾನೇ ಬಂದ್ ಆಗುತ್ತದೆ. ಇಲ್ಲಿ ಚಾಚಾ ತೆಗೆದುಕೊಟ್ಟ 12ರ ವೈರ್ ಕೈ ಹಿಡಿಯಿತು. ಒಂದು ಸ್ವಿಚ್ ಹಾಕಿದ್ದೇನೆ. 8 ವೋಲ್ಟ್‌ವರೆಗೆ 12ರ ಟ್ಯಾಪ್, ಅದಕ್ಕಿಂತ ಮೇಲಾದರೆ 18. ಅದೇ 5 ವೋಲ್ಟಿಗೆ ಬಿಸಿ ಹತ್ತು ವ್ಯಾಟಿನ ಆಸುಪಾಸಿಗೆ ಇಳಿಯಿತು.

ಎರಡೂ ಐಸಿಗೆ ಬೇರೆ ಬೇರೆ ಹೀಟ್‌ಸಿಂಕ್ ಕೊಟ್ಟಿದ್ದೇನೆ. ಈ ಐಸಿಯ ಲೋಹದ ಬೆನ್ನು ಔಟ್‌ಪುಟ್‌ಗೇ ಸೇರಿರುತ್ತದೆ, ಒಂದೇ ಸಿಂಕಿಗೆ ಹಾಕುವುದಾದರೆ ಮೈಕಾ ಬೇಕೇ ಬೇಕು. ಬೇರೆ ಮಾಡಿದ್ದರಿಂದ ಇನ್ನೊಂದು ಲಾಭವಾಯಿತು. ಮಾಮೂಲಿ ಕೆಲಸದಲ್ಲಿ ಎರಡನೆಯ ಸಿಂಕ್ ಬಿಸಿಯಾಗುತ್ತದೆ. ಲೋಡ್ ಲಿಮಿಟ್ ಮುಟ್ಟಿದರೆ ಬಿಸಿ ಮೊದಲನೆಯದಕ್ಕೆ ಹೋಗುತ್ತದೆ. ಬೆರಳು ತಾಗಿಸಿದರೆ ಸಾಕು, ರಿಪೇರಿಗೆ ಬಂದ ಬೋರ್ಡ್ ಎಲ್ಲೋ ಶಾರ್ಟ್ ಇದೆ ಅಂತ ಗೊತ್ತಾಗುತ್ತದೆ.

ಪಾಟ್ ಮಾತ್ರ ಒಳ್ಳೆಯದು ತನ್ನಿ. ಭತ್ತದ ಹೊಟ್ಟಿನ ಧೂಳು ಕೂತು ಒಳಗಿನ ಬೆರಳು ಎದ್ದರೆ ವೋಲ್ಟೇಜ್ ಪೂರ್ತಿ ಮೇಲಕ್ಕೆ ಹಾರುತ್ತದೆ. ಹಾಗೇ ಪ್ರೈಮರಿಗೆ ಅರ್ಧ ಆಂಪಿಯರ್ ಫ್ಯೂಸ್ ಮರೆಯಬೇಡಿ.

ಎರಡು ಆಂಪಿಯರ್‌ಗಿಂತ ಜಾಸ್ತಿ ಬೇಕಾದವರು, ಬಿಸಿ ಬೇಡ ಅನ್ನುವವರು ಮಾಡ್ಯೂಲೇ ತೆಗೆದುಕೊಳ್ಳಿ. ನಾನೂ ಎಸೆದಿಲ್ಲ. ಔಷಧಿ ಪಂಪಿನ 12 ವೋಲ್ಟ್, 8 ಆಂಪಿಯರ್ ಅವರ್ ಬ್ಯಾಟರಿ ಚಾರ್ಜಿಗೆ ಇಟ್ಟಿದ್ದೇನೆ. ಕರೆಂಟ್ 0.8 ಆಂಪಿಯರ್, ಡಯೋಡ್ ದಾಟಿದ ಮೇಲೆ 13.8 ವೋಲ್ಟ್. ಡಯೋಡ್ ಯಾಕೆ ಅಂದರೆ, ಲೈನ್ ಹೋದಾಗ ಬ್ಯಾಟರಿ ಉಲ್ಟಾ ಮಾಡ್ಯೂಲಿನೊಳಕ್ಕೆ ಹರಿಯಬಾರದು. ಬ್ಯಾಟರಿಗೆ ಆ 220 ಮೈಕ್ರೋಫ್ಯಾರಡ್‌ನ ಏಟು ಸೊಳ್ಳೆ ಕಚ್ಚಿದಷ್ಟೂ ಅಲ್ಲ. ಟಾರ್ಚಿನವರಿಗೆ ಮಾತ್ರ ಮೂರು ಎಲ್‌ಇಡಿ ನನ್ನ ಕೈಯಿಂದಲೇ ಹಾಕಿಕೊಟ್ಟೆ.