ಸರಳ ಲೋಲಕದಿಂದ g: ಸರಾಸರಿಯೋ, ನಕ್ಷೆಯೋ?

ಬೆಂಗಳೂರಿನ ಪಿಯು ಪ್ರಯೋಗಾಲಯದಲ್ಲಿ ಲೋಲಕದ ಉದ್ದ L ಮತ್ತು ಒಂದು ಆಂದೋಲನದ ಕಾಲ T ಅಳತೆಗಳು ಕೈಗೆ ಬಂದ ಮೇಲೆ, ಗುರುತ್ವ ವೇಗೋತ್ಕರ್ಷ g ಕಂಡುಹಿಡಿಯಲು ವಿದ್ಯಾರ್ಥಿಯ ಮುಂದೆ ಎರಡು ದಾರಿಗಳಿರುತ್ತವೆ. ಪ್ರತಿ ಅಳತೆಯನ್ನೂ g = 4π²L/T² ಸೂತ್ರದಲ್ಲಿ ಹಾಕಿ ಸರಾಸರಿ ತೆಗೆಯಬಹುದು, ಇಲ್ಲವೇ L ಎದುರು T² ನಕ್ಷೆ ಬರೆದು ಅದರ ಇಳಿಜಾರಿನಿಂದ g ಕಂಡುಹಿಡಿಯಬಹುದು.

ಉದ್ದವನ್ನು ಗುಂಡಿನ ಕೇಂದ್ರದವರೆಗೆ ಅಳೆಯುವ ಬದಲು ಅದರ ಮೇಲ್ತುದಿಯವರೆಗೆ ಮಾತ್ರ ಅಳೆದಿದ್ದೇವೆ, ಗುಂಡಿನ ತ್ರಿಜ್ಯ 1 ಸೆಂ.ಮೀ. ಎಂದುಕೊಳ್ಳೋಣ. 0.60, 0.80 ಮತ್ತು 1.00 ಮೀಟರ್ ಉದ್ದಗಳಿಗೆ 20 ಆಂದೋಲನಗಳ ಕಾಲ ಕ್ರಮವಾಗಿ 31.4, 36.2 ಮತ್ತು 40.4 ಸೆಕೆಂಡು ಬಂದರೆ, T ಬೆಲೆಗಳು 1.57, 1.81 ಮತ್ತು 2.02 ಸೆಕೆಂಡು ಆಗುತ್ತವೆ.

ಸೂತ್ರದಿಂದ 9.61, 9.64, 9.68 ದೊರೆತು, ಸರಾಸರಿ 9.64 m/s² ಆಗುತ್ತದೆ. ಉದ್ದ ಹೆಚ್ಚಿದಂತೆ g ಕೂಡ ಏರುತ್ತಿರುವುದೇ ತಪ್ಪಿನ ಗುರುತು. ಆದರೆ ಸರಾಸರಿ ಅದನ್ನು ಮುಚ್ಚಿಬಿಡುತ್ತದೆ.

ನಕ್ಷೆಯಲ್ಲಿ ಇಳಿಜಾರು (4.080 − 2.465)/0.40 = 4.038 ಆಗಿ, g = 4π²/ಇಳಿಜಾರು = 39.48/4.038, ಅಂದರೆ ಸುಮಾರು 9.78 ಬರುತ್ತದೆ, ಬೆಂಗಳೂರಿನ ನಿಜ ಬೆಲೆಯೂ ಸುಮಾರು ಇಷ್ಟೇ. ರೇಖೆ ಮೂಲಬಿಂದುವನ್ನು ತಪ್ಪಿಸಿ L ಅಕ್ಷವನ್ನು −1 ಸೆಂ.ಮೀ. ಬಳಿ ಕಡಿಯುವುದರಿಂದ, ಬಿಟ್ಟುಹೋದ ತ್ರಿಜ್ಯವೂ ಅಲ್ಲೇ ಸಿಗುತ್ತದೆ.

ಆದರೆ ಉದ್ದವನ್ನು ಸರಿಯಾಗಿಯೇ ಅಳೆದು, ಎಣಿಕೆಯನ್ನು ಸೊನ್ನೆಯ ಬದಲು ಒಂದರಿಂದ ಆರಂಭಿಸಿ 19 ಆಂದೋಲನಗಳನ್ನೇ 20 ಎಂದುಕೊಂಡರೆ, ರೇಖೆ ಮೂಲಬಿಂದುವಿನ ಮೂಲಕವೇ ಸಾಗುತ್ತದೆ, g ಮಾತ್ರ ಎರಡೂ ದಾರಿಗಳಲ್ಲಿ ಸುಮಾರು 10.8ಕ್ಕೆ ಏರುತ್ತದೆ. ಉದ್ದಗಳು ಒಂದಕ್ಕೊಂದು ತೀರಾ ಹತ್ತಿರವಿದ್ದರೆ ಕಾಲದ ಸಣ್ಣ ದೋಷವೂ ಇಳಿಜಾರನ್ನು ಕೆಡಿಸುವುದರಿಂದ, ಅಲ್ಲಿ ಸರಾಸರಿಯೇ ವಾಸಿ.