"ಮಾತಾಡಿಕೊಂಡಂತೆ" ಅಂತ ಮೇಲ್ ಬರೆದು ಕೈ ಸುಟ್ಟುಕೊಂಡೆ

ಟ್ರೇಡ್ ಫೇರ್‌ನಲ್ಲಿ ಸ್ಟಾಲ್ ಹಾಕುವವರು, ಅದರಲ್ಲೂ ಹೊರದೇಶದ ಬಯರ್‌ಗಳ ಜೊತೆ ಮೊದಲ ಸಲ ವ್ಯವಹಾರ ಮಾಡುವವರು, ಇದನ್ನೊಮ್ಮೆ ಓದಿ. ಯಾರೂ ನನಗೆ ಮೋಸ ಮಾಡಲಿಲ್ಲ. ನಾನೇ ಬರೆದ ನಾಲ್ಕು ಸಾಲಿನ ಮೇಲ್ ನನ್ನ ಮೇಲೇ ತಿರುಗಿ ಬಿತ್ತು.

ನಮ್ಮದು ಹತ್ತಿ ಬಟ್ಟೆಯ ಕೈಚೀಲ. ಫೇರ್‌ನ ಎರಡನೇ ದಿನ ಒಬ್ಬ ಬಯರ್ ಬಂದು ಮುಕ್ಕಾಲು ಗಂಟೆ ಕೂತರು. ಎರಡು ಚೀಲ ಕೈಗೆತ್ತಿಕೊಂಡು ನೋಡಿದರು. ಒಂದು 140 ಜಿಎಸ್‌ಎಂ ಬಟ್ಟೆಯದು, ತೆಳು. ಇನ್ನೊಂದು 220 ಜಿಎಸ್‌ಎಂ, ದಪ್ಪ. ಅಳತೆ ಒಂದೇ, ಹೊಲಿಗೆ ಒಂದೇ, ಬಣ್ಣವೂ ಒಂದೇ. ರೇಟಿನ ಮಾತು ಬಂತು. 10,000 ಚೀಲ ತೆಗೆದುಕೊಂಡರೆ ಒಂದಕ್ಕೆ 80 ಸೆಂಟ್ ಅಂದೆ. ನನ್ನ ಮನಸ್ಸಿನಲ್ಲಿದ್ದದ್ದು ತೆಳು ಚೀಲ. ಅವರ ವಿಸಿಟಿಂಗ್ ಕಾರ್ಡ್ ಹಿಂದೆ ಪೆನ್ನಿನಲ್ಲಿ "ತೆಳು, 80, ಹತ್ತು ಸಾವಿರ" ಅಂತ ಗೀಚಿಟ್ಟುಕೊಂಡೆ. ಅವರೂ ತಮ್ಮ ಡೈರಿಯಲ್ಲಿ ಏನೋ ಬರೆದುಕೊಂಡರು. ಏನು ಬರೆದುಕೊಂಡರು ಅಂತ ನಾನು ಕೇಳಲಿಲ್ಲ.

ಫೇರ್ ಮುಗಿಸಿ ಬಂದ ಮೇಲೆ ಬಾಕಿ ಬಿದ್ದ ಕೆಲಸ ರಾಶಿ ಇತ್ತು. ಮೇಲ್ ಬರೆದದ್ದು ಹನ್ನೊಂದನೇ ದಿನ. ಬರೆದದ್ದಾದರೂ ಏನು? "ಭೇಟಿಯಾಗಿ ಸಂತೋಷವಾಯಿತು. ಮಾತಾಡಿಕೊಂಡಂತೆ ಕೈಚೀಲಕ್ಕೆ 80 ಸೆಂಟ್. ಸ್ಯಾಂಪಲ್ ಈ ವಾರ ಕಳಿಸುತ್ತೇವೆ. ನಿಮ್ಮ ಆರ್ಡರ್‌ಗೆ ಕಾಯುತ್ತಿದ್ದೇವೆ." ಮಾಡೆಲ್ ನಂಬರ್ ಇಲ್ಲ, ಜಿಎಸ್‌ಎಂ ಇಲ್ಲ, ಎಷ್ಟು ಚೀಲಕ್ಕೆ ಈ ರೇಟು ಅಂತಿಲ್ಲ, ಎಲ್ಲಿವರೆಗೆ ತಲುಪಿಸುವ ರೇಟು ಅಂತಲೂ ಇಲ್ಲ. ಅವರಿಂದ ಮರುದಿನವೇ "ಒಪ್ಪಿದೆ" ಅಂತ ಉತ್ತರ ಬಂತು. ಖುಷಿಯಾಗಿ ಮಲಗಿದೆ.

ಸ್ಯಾಂಪಲ್ ವಿಷಯದಲ್ಲಿ ಆದದ್ದು ಇನ್ನೂ ಕೆಟ್ಟದ್ದು. ಪ್ಯಾಕಿಂಗ್ ಮಾಡುವ ಹುಡುಗನಿಗೆ "ಒಳ್ಳೆಯದು ನೋಡಿ ಎರಡು ಹಾಕು" ಅಂದಿದ್ದೆ. ಅವನ ಕಣ್ಣಿಗೆ ಒಳ್ಳೆಯದು ಅಂದರೆ ದಪ್ಪನೆಯದು, ಅಲ್ವಾ? 220 ಜಿಎಸ್‌ಎಂನ ಎರಡು ಚೀಲ ಮಡಚಿ ಹಾಕಿದ. ಚೀಲಕ್ಕೆ ಚೀಟಿ ಇಲ್ಲ, ನಂಬರ್ ಇಲ್ಲ, ಅದರ ಜೋಡಿ ಒಂದನ್ನು ನಾವು ಇಟ್ಟುಕೊಳ್ಳಲೂ ಇಲ್ಲ. ಇನ್‌ವಾಯ್ಸ್‌ನಲ್ಲಿ "ಸ್ಯಾಂಪಲ್, ಬೆಲೆ ಸೊನ್ನೆ" ಅಂತ ಬರೆದೆವು. ಪಾರ್ಸಲ್ ಅಲ್ಲಿನ ಕಸ್ಟಮ್ಸ್‌ನಲ್ಲಿ ಕೂತಿತು. ಮಾರಾಟಕ್ಕಲ್ಲದ ಮಾಲಾದರೂ ಕಸ್ಟಮ್ಸ್‌ಗೆ ಒಂದು ನಿಜವಾದ ಬೆಲೆ ತೋರಿಸಬೇಕು, ಯಾವ ಬಟ್ಟೆ, ಎಷ್ಟು ಚೀಲ ಅಂತ ಬರೆಯಬೇಕು. ಸುಂಕ ಯಾರು ಕಟ್ಟಬೇಕು ಅಂತ ಮೇಲ್‌ನಲ್ಲಿ ಇರಲಿಲ್ಲವಲ್ಲ, ಬಯರ್ ನಾನು ಕಟ್ಟಲ್ಲ ಅಂದರು. ತೆಗೆದುಕೊಳ್ಳುವವರು ಕಟ್ಟದಿದ್ದರೆ ಕೊರಿಯರ್‌ನವರು ಕಳಿಸಿದವನ ಕೈಗೇ ಬಿಲ್ ಕೊಡುತ್ತಾರೆ. ಕೊಟ್ಟರು. ಹೋಗಲಿ, ಅದು ಸಣ್ಣ ದುಡ್ಡು.

ಆರ್ಡರ್ ಬಂತು. 10,000 ಚೀಲ, 80 ಸೆಂಟ್, "ನೀವು ಕಳಿಸಿದ ಸ್ಯಾಂಪಲ್ ಪ್ರಕಾರ, ನಮ್ಮ ಗೋದಾಮಿಗೆ ತಲುಪಿಸಿ". ಓದಿ ಎದೆ ಧಸಕ್ಕೆಂದಿತು. ಫೋನ್ ಮಾಡಿ 80 ಸೆಂಟ್ ತೆಳು ಚೀಲಕ್ಕೆ ಅಂದೆ. ಅವರು ಶಾಂತವಾಗಿ, "ನಿಮ್ಮ ಮೇಲ್‌ನಲ್ಲಿ ತೆಳು ಅಂತ ಎಲ್ಲಿದೆ? ನೀವೇ ಕಳಿಸಿದ ಚೀಲ ನನ್ನ ಮೇಜಿನ ಮೇಲಿದೆ" ಅಂದರು. ಕಾರ್ಡ್ ಹಿಂದೆ ನಾನು ಗೀಚಿದ್ದನ್ನು ನಾನೇ ಸಾಕ್ಷಿ ಅಂತ ತೋರಿಸೋಕಾಗುತ್ತಾ?

ಲೆಕ್ಕ ನೋಡಿ. ಹಿಡಿಕೆ ಸೇರಿ ಒಂದು ಚೀಲಕ್ಕೆ ಸುಮಾರು 0.4 ಚದರ ಮೀಟರ್ ಬಟ್ಟೆ ಬೇಕು. ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತದೆ ಅನ್ನೋದು. 80 ಗ್ರಾಂ ವ್ಯತ್ಯಾಸ ಅಂದರೆ ಚೀಲಕ್ಕೆ 32 ಗ್ರಾಂ. ಕೈಯಲ್ಲಿ ಹಿಡಿದರೆ ಏನೂ ಅನ್ನಿಸಲ್ಲ. 10,000 ಚೀಲಕ್ಕೆ 320 ಕೆಜಿ ಬಟ್ಟೆ ಜಾಸ್ತಿ. ಅದರ ಮೇಲೆ ಹಡಗಿನ ಬಾಡಿಗೆ, ಅಲ್ಲಿನ ಲಾರಿ ಬಾಡಿಗೆ. ನನ್ನ 80 ಸೆಂಟ್ ಎಫ್‌ಒಬಿ ರೇಟು, ಅಂದರೆ ನಮ್ಮ ಬಂದರಿನಲ್ಲಿ ಹಡಗು ಹತ್ತಿಸುವವರೆಗೆ ಮಾತ್ರ ನನ್ನ ಖರ್ಚು. ಅವರು ತಿಳಿದುಕೊಂಡದ್ದು ಗೋದಾಮಿನ ಬಾಗಿಲಿಗೆ ತಲುಪಿಸುವ ಡಿಎಪಿ ರೇಟು. ಮಾಲು ಕಳಿಸುವಾಗ ಯಾವ ಖರ್ಚು ಯಾರದ್ದು ಅಂತ ಹೇಳುವ ಅಂತರರಾಷ್ಟ್ರೀಯ ನಿಯಮಾವಳಿ ಇನ್ಕೋಟರ್ಮ್ಸ್ 2020ರಲ್ಲಿ ಇಂಥ ಹನ್ನೊಂದು ಷರತ್ತುಗಳಿವೆ. ಒಂದೊಂದಕ್ಕೂ ರೇಟು ಬೇರೆ. ಷರತ್ತಿನ ಜೊತೆ ಜಾಗದ ಹೆಸರೂ ಇರಬೇಕು, ಇಲ್ಲದಿದ್ದರೆ ಅರ್ಧ ಬರೆದಂತೆ. (ಮಾಲು ಕಂಟೇನರ್‌ನಲ್ಲಿ ಹೋಗುವುದಾದರೆ ಎಫ್‌ಒಬಿಗಿಂತ ಎಫ್‌ಸಿಎ, ಅಂದರೆ ಬಯರ್ ಗೊತ್ತುಮಾಡಿದ ಸಾಗಣೆದಾರರ ಕೈಗೆ ಮಾಲು ಒಪ್ಪಿಸುವವರೆಗಿನ ರೇಟು, ಸರಿ ಅಂತ ಆಮೇಲೆ ಗೊತ್ತಾಯಿತು. ಆದರೂ ಎಲ್ಲರ ಬಾಯಲ್ಲೂ ಎಫ್‌ಒಬಿಯೇ.)

ವಕೀಲರೊಬ್ಬರನ್ನು ಕೇಳಿದೆ. ಅವರು ನಕ್ಕರು. ದೇಶದಿಂದ ದೇಶಕ್ಕೆ ಮಾಲು ಮಾರುವ ಬಗ್ಗೆ 1980ರ ವಿಶ್ವಸಂಸ್ಥೆಯ ಒಪ್ಪಂದವೊಂದಿದೆ. ಅದರ 35ನೇ ವಿಧಿಯ ಪ್ರಕಾರ, ಬೇರೆ ಮಾತಾಗಿಲ್ಲದಿದ್ದರೆ, ಮಾರುವವನು ಮಾದರಿ ಅಂತ ತೋರಿಸಿದ ಸ್ಯಾಂಪಲ್‌ನ ಗುಣ ಮಾಲಿಗೂ ಇರಬೇಕು. ಎಲ್ಲ ದೇಶಗಳೂ ಅದಕ್ಕೆ ಸೇರಿಲ್ಲ. ಆದರೆ ಸೇರದ ಕಡೆಯೂ ಸ್ಯಾಂಪಲ್ ನೋಡಿ ಕೊಂಡವನ ಪರವಾಗಿ ಇಂಥದ್ದೇ ಕಾನೂನು ಇರೋದು ಸಾಮಾನ್ಯ ಅಂದರು. ಕೊನೆಗೆ ಹಡಗಿನ ಬಾಡಿಗೆ ಬಯರ್ ಹೊತ್ತರು, ದಪ್ಪ ಬಟ್ಟೆ ನಾನು ಹೊತ್ತೆ. ಮೂರು ತಿಂಗಳು ದುಡಿದು ಕೈಗೆ ಬಂದದ್ದು ಸೊನ್ನೆ.

ಈಗ ನಾನು ಮಾಡುವುದು ಹೀಗೆ. ಬಯರ್ ಸ್ಟಾಲ್‌ನಲ್ಲಿ ಕೂತಿರುವಾಗಲೇ, ಅವರು ಆರಿಸಿದ ಚೀಲ ಅವರ ಕೈಯಲ್ಲಿರುವಂತೆ, ಮಾಡೆಲ್ ನಂಬರ್ ಚೀಟಿ ಕಾಣುವಂತೆ ಕೇಳಿಕೊಂಡು ಒಂದು ಫೋಟೋ ತೆಗೆಯುತ್ತೇನೆ. ಅಂದು ರಾತ್ರಿಯೇ ಮೇಲ್ ಹೋಗುತ್ತದೆ, ಇಬ್ಬರಿಗೂ ಮಾತು ನೆನಪಿರುವಾಗಲೇ. ಅದರಲ್ಲಿ ಹೀಗಿರುತ್ತದೆ:

"ಇಂದು ನೀವು ನೋಡಿದ ಚೀಲ ಮಾಡೆಲ್ 14, ಬಟ್ಟೆ 140 ಜಿಎಸ್‌ಎಂ, ಐದು ಶೇಕಡಾ ಹೆಚ್ಚು ಕಮ್ಮಿ. ಫೋಟೋ ಲಗತ್ತಿಸಿದೆ. ಒಂದೇ ಬಣ್ಣದಲ್ಲಿ 10,000 ಚೀಲಕ್ಕೆ ರೇಟು 80 ಸೆಂಟ್, ಎಫ್‌ಒಬಿ, ಇಂಥ ಬಂದರು. ಈ ರೇಟು ಇಂಥ ತಾರೀಕಿನವರೆಗೆ. ಮಾಡೆಲ್ 22ನ್ನೂ ನೋಡಿದಿರಿ, ಅದರ ರೇಟು ಮಾತಾಡಿಲ್ಲ. ಸ್ಯಾಂಪಲ್ ಎರಡು, ಕೊರಿಯರ್ ಖರ್ಚು ನಮ್ಮದು, ಅಲ್ಲಿನ ಸುಂಕ ನಿಮ್ಮದು. ಸರಿಯಿದ್ದರೆ ಸರಿ ಎಂದು, ತಪ್ಪಿದ್ದರೆ ತಿದ್ದಿ ಬರೆಯಿರಿ."

"ರೇಟು ಮಾತಾಡಿಲ್ಲ" ಅನ್ನುವ ಸಾಲು ನೋಡಿ. ಒಪ್ಪಿಕೊಂಡದ್ದನ್ನು ಎಲ್ಲರೂ ಬರೆಯುತ್ತಾರೆ, ಒಪ್ಪಿಕೊಳ್ಳದ್ದನ್ನು ಯಾರೂ ಬರೆಯಲ್ಲ. ನನಗೆ ಪೆಟ್ಟು ಬಿದ್ದದ್ದು ಅಲ್ಲೇ. ಇನ್ನೊಂದು, ಬಯರ್ ಸುಮ್ನಿದ್ದರೆ ಒಪ್ಪಿದರು ಅಂದುಕೊಳ್ಳಬೇಡಿ. ಉತ್ತರ ಬರದೆ ನಾನೀಗ ಸ್ಯಾಂಪಲ್ ಪ್ಯಾಕ್ ಮಾಡಿಸುವುದೇ ಇಲ್ಲ.

ಸ್ಯಾಂಪಲ್‌ಗೆ ಒಂದೇ ತಾನಿನಿಂದ ಮೂರು ಚೀಲ ಹೊಲಿಸುತ್ತೇನೆ. ಎರಡು ಅವರಿಗೆ, ಒಂದು ನನ್ನ ಬೀರುವಿಗೆ. ಮೂರಕ್ಕೂ ಒಂದೇ ನಂಬರ್, ತಾರೀಕು, ಸಹಿ. ಕಳಿಸುವ ಮೊದಲು ಅದೇ ತಾನಿನಿಂದ ಗೋಲ ಕಟರ್‌ನಲ್ಲಿ 100 ಚದರ ಸೆಂಟಿಮೀಟರ್ ತುಂಡು ಕತ್ತರಿಸಿ ತೂಗುತ್ತೇನೆ. ಗ್ರಾಂ ಲೆಕ್ಕವನ್ನು ನೂರರಿಂದ ಗುಣಿಸಿದರೆ ಜಿಎಸ್‌ಎಂ. 1.4 ಗ್ರಾಂ ಬಂದರೆ 140. ಆ ತುಂಡನ್ನೂ ಚೀಟಿಗೆ ಪಿನ್ ಮಾಡಿಡುತ್ತೇನೆ.

ಹೋದ ಸಲ ಹೀಗೇ ಮೇಲ್ ಕಳಿಸಿದ್ದೆ. ಬೆಳಿಗ್ಗೆ ಎದ್ದು ನೋಡಿದರೆ ಉತ್ತರ ಬಂದಿತ್ತು: "ಎಲ್ಲ ಸರಿ, ಆದರೆ ನಾನು ಆರಿಸಿದ್ದು ಮಾಡೆಲ್ 22." ಇನ್ನೂ ಬಟ್ಟೆ ಕತ್ತರಿಸಿರಲಿಲ್ಲ.