ಓಬವ್ವನ ಮೂರು ನೋಟ: ಅಡ್ಡಗೆರೆಯೋ, ಮೇಲಿಟ್ಟು ನೋಡುವುದೋ, ಓಡಿಸಿ ನೋಡುವುದೋ?

ಚಿತ್ರದುರ್ಗದ ನಮ್ಮ ಪುಟ್ಟ ತಂಡ ಮಕ್ಕಳಿಗಾಗಿ ಒನಕೆ ಓಬವ್ವನ ಕಿರು ಅನಿಮೇಷನ್ ಮಾಡುತ್ತಿದೆ. ನಮ್ಮತ್ತ ಮುಖ ಮಾಡಿ ನಿಂತ ಓಬವ್ವ ಕಿಂಡಿಯ ಕಡೆಗೆ ತಿರುಗಿ ಬೆನ್ನು ತೋರಿಸುವ ದೃಶ್ಯವೊಂದು ಅದರಲ್ಲಿದೆ. ಇಕ್ಕಟ್ಟಾದ ಕಿಂಡಿ ಪಕ್ಕದಲ್ಲೇ ಇರುವುದರಿಂದ, ತಿರುಗುವಾಗ ಹೆಗಲು ತುಸು ಹಿಗ್ಗಿದರೂ ಎದ್ದು ಕಾಣುತ್ತದೆ. ಆದ್ದರಿಂದ ಮುಂಬದಿ, ಪಕ್ಕ, ಹಿಂಬದಿ ನೋಟಗಳಿರುವ ಟರ್ನ್‌ಅರೌಂಡ್ ಶೀಟ್ ಕೈಗೆ ಬಂದಾಗ ಅದನ್ನು ಮೂರು ವಿಧಾನಗಳಲ್ಲಿ ಪರೀಕ್ಷಿಸಿದೆ. ತಲೆ 200 ಪಿಕ್ಸೆಲ್, ಒಟ್ಟು ಎತ್ತರ 1300, ಅಂದರೆ ಆರೂವರೆ ತಲೆಯ ಓಬವ್ವ. ಒನಕೆಯನ್ನು ಬೇರೆಯಾಗಿ ಬರೆಸಿದ್ದೆವು. ಕೈಯಲ್ಲಿ ಹಿಡಿಸಿದರೆ ಮೈಯ ಹೊರಗೆರೆಯನ್ನೇ ಅದು ಮುಚ್ಚುತ್ತದೆ.

ಎಲ್ಲರೂ ಮೊದಲು ಮಾಡುವುದು ಅಡ್ಡಗೆರೆ ಎಳೆಯುವುದನ್ನೇ. ನೆತ್ತಿ, ಗಲ್ಲ, ಹೆಗಲು, ಸೊಂಟ, ಬೆರಳ ತುದಿ, ಮಂಡಿ, ನೆಲ ಇವಿಷ್ಟರ ಮೇಲೆ ಮೂರೂ ನೋಟಗಳನ್ನು ದಾಟಿ ಹೋಗುವ ಗೆರೆಗಳು. ಎತ್ತರದ ತಪ್ಪು ಇದರಲ್ಲಿ ತಪ್ಪಿಸಿಕೊಳ್ಳುವುದಿಲ್ಲ. ಪಕ್ಕದ ನೋಟದಲ್ಲಿ ತುರುಬು ಹಿಂಬದಿಗಿಂತ ಕೆಳಗೆ ಇಳಿದದ್ದು ಕ್ಷಣದಲ್ಲಿ ಸಿಕ್ಕಿತು.

ಆದರೆ ಗೆರೆಯನ್ನು ಕುರುಡಾಗಿ ನಂಬಿದರೆ ಸರಿಯಾದದ್ದನ್ನೇ ತಿದ್ದಿಸಿಬಿಡುತ್ತೇವೆ. ಡಾಬನ್ನೇ ನೋಡಿ. ನಮ್ಮ ಓಬವ್ವನ ಡಾಬು ಮುಂದೆ ಹೊಟ್ಟೆಯ ಕೆಳಗೆ ತುಸು ಜಾರಿದೆ, ಹಿಂದೆ ಕಚ್ಚೆಯ ಗಂಟಿನ ಮೇಲೆ ಏರಿದೆ. ನೆಲದಿಂದ ಅಳೆದರೆ ಮುಂಬದಿಯಲ್ಲಿ ನಡುಭಾಗ 770, ಹಿಂಬದಿಯಲ್ಲಿ 800. ಎರಡೂ ಒಂದೇ ಗೆರೆಯಲ್ಲಿಲ್ಲ ಎಂದು ತಂಡದವರೊಬ್ಬರು ಕೆಂಪು ಗುರುತು ಹಾಕಿದರು. ಅಲ್ಲಿ ತಪ್ಪೇ ಇರಲಿಲ್ಲ. ತಪ್ಪು ಇದ್ದದ್ದು ಪಕ್ಕದ ನೋಟದಲ್ಲಿ. ಡಾಬಿನ ಮುಂತುದಿ 770ರಲ್ಲಿ ಶುರುವಾಗಿ ಹಿಂತುದಿ 800ಕ್ಕೆ ಏರಬೇಕಿತ್ತು, ಅದನ್ನು ಚಪ್ಪಟೆಯಾಗಿ 770ರಲ್ಲೇ ಎಳೆಯಲಾಗಿತ್ತು. ಮೈಯನ್ನು ಸುತ್ತುವ ಯಾವ ವಸ್ತುವಿಗೂ ಇದೇ ಪರೀಕ್ಷೆ: ಪಕ್ಕದ ನೋಟದ ಮುಂತುದಿ ಮುಂಬದಿಯ ನಡುವಿನ ಎತ್ತರಕ್ಕೆ, ಹಿಂತುದಿ ಹಿಂಬದಿಯ ನಡುವಿನ ಎತ್ತರಕ್ಕೆ ಕೂಡಬೇಕು. ಸರ, ರವಿಕೆಯ ಕತ್ತು, ಸೀರೆಯ ಅಂಚು ಎಲ್ಲವನ್ನೂ ಹೀಗೆಯೇ ನೋಡಬೇಕು.

ಅಗಲದ ವಿಷಯದಲ್ಲಿ ಅಡ್ಡಗೆರೆ ಏನನ್ನೂ ಹೇಳುವುದಿಲ್ಲ. ಅಲ್ಲಿ ಎರಡನೆಯ ವಿಧಾನವೇ ಗೆಲ್ಲುತ್ತದೆ. ದೂರ ಹತ್ತಿರದ ವ್ಯತ್ಯಾಸ ತೋರಿಸದೆ ಬರೆದ ಶೀಟಿನಲ್ಲಿ, ನಿಲುವು ಬದಲಾಗದಿದ್ದರೆ, ಮುಂಬದಿಯ ಹೊರಗೆರೆಯನ್ನು ಎಡಬಲ ತಿರುಗಿಸಿದರೆ ಹಿಂಬದಿಯ ಹೊರಗೆರೆ ಬಂದೇ ಬರಬೇಕು. ಚಿತ್ರ ಬರೆಯುವ ತಂತ್ರಾಂಶ ಕೃತಾದಲ್ಲಿ ಎರಡೂ ಆಕೃತಿಗಳಿಗೆ ಪೂರ್ತಿ ಬಿಳಿ ತುಂಬಿ, ಹಿಂಬದಿಯ ಲೇಯರನ್ನು ಎಡಬಲ ತಿರುಗಿಸಿ ಮುಂಬದಿಯ ಮೇಲಿಟ್ಟೆ. ಅಡಿಯಲ್ಲಿ ಕಪ್ಪು ಲೇಯರ್, ಮೇಲಿನ ಲೇಯರಿಗೆ ಎರಡರ ವ್ಯತ್ಯಾಸವನ್ನಷ್ಟೇ ತೋರಿಸುವ Difference ಎಂಬ ಬ್ಲೆಂಡಿಂಗ್ ಮೋಡ್. ಕೂಡಿದ ಜಾಗವೆಲ್ಲ ಕಪ್ಪಾಗುತ್ತದೆ, ಕೂಡದ ಜಾಗ ಮಾತ್ರ ಬಿಳಿಯಾಗಿ ಉಳಿಯುತ್ತದೆ. ನಮ್ಮ ಶೀಟಿನಲ್ಲಿ ಎರಡೂ ಹೆಗಲ ತುದಿಗಳಲ್ಲಿ ಬಿಳಿಯ ಪಟ್ಟಿ ಉಳಿಯಿತು. ಅಳೆದರೆ ಮುಂಬದಿಯಲ್ಲಿ 300 ಇದ್ದ ಹೆಗಲು ಹಿಂಬದಿಯಲ್ಲಿ 324 ಆಗಿತ್ತು, ಒಂದೊಂದು ಕಡೆಗೆ 12 ಪಿಕ್ಸೆಲ್. ಅಕ್ಕಪಕ್ಕ ಇಟ್ಟಾಗ ಇದು ನಮ್ಮಲ್ಲಿ ಯಾರಿಗೂ ಕಂಡಿರಲಿಲ್ಲ.

ಪಾದದ ಬಳಿಯೂ ಬಿಳಿ ಉಳಿದಿತ್ತು. ಮುಂಬದಿಯಲ್ಲಿ ಕಾಲ್ಬೆರಳುಗಳನ್ನು ಮೇಲಿನಿಂದ ನೋಡಿದಂತೆ ನೆಲದ ಗೆರೆಗಿಂತ ಕೆಳಕ್ಕೆ ಇಳಿಸಿದ್ದೇ ಕಾರಣ. ನಮ್ಮದು ಕೈಯಿಂದ ಬರೆಯುವ ಅನಿಮೇಷನ್ ಆದ್ದರಿಂದ ಅದನ್ನು ಹಾಗೆಯೇ ಬಿಟ್ಟೆವು. ಇದೇ ಶೀಟಿನಿಂದ ಮೂರು ಆಯಾಮದ ಮಾದರಿ ಕಟ್ಟುವವರಾದರೆ ಬಿಡುವಂತಿಲ್ಲ. ಬಿಳಿ ತುಂಬಿದ ಆಕೃತಿಯಲ್ಲಿ ಒಳಗಿನ ವಿವರಗಳು ಅಳಿಸಿಹೋಗುತ್ತವೆ ಎಂಬುದು ಈ ವಿಧಾನದ ದೊಡ್ಡ ಕೊರತೆ. ಎಡಹೆಗಲ ಸೆರಗು ಚಿತ್ರದಲ್ಲಿ ಮುಂಬದಿಗೆ ನಮ್ಮ ಬಲಕ್ಕೆ, ಹಿಂಬದಿಗೆ ನಮ್ಮ ಎಡಕ್ಕೆ ಬರಬೇಕು. ಅದನ್ನೂ ಬಳೆಗಳ ಸಂಖ್ಯೆಯನ್ನೂ ಪಟ್ಟಿ ಮಾಡಿ ಒಂದೊಂದೇ ನೋಟದಲ್ಲಿ ಹುಡುಕುವುದೇ ದಾರಿ.

ಮೂರನೆಯದು, ನೋಟಗಳನ್ನು ಫ್ರೇಮುಗಳಾಗಿ ಜೋಡಿಸಿ ನಿಧಾನವಾಗಿ ಓಡಿಸುವುದು. ಇದರಿಂದ ಅಳತೆ ಸಿಗುವುದಿಲ್ಲ, ಮೊದಲೇ ಇದನ್ನು ಮಾಡಿದರೆ ಏನೋ ಸರಿಯಿಲ್ಲ ಎನ್ನಿಸುವುದಷ್ಟೇ ಲಾಭ. ಆದರೂ ಉಳಿದೆರಡಕ್ಕೆ ಸಿಗದ ಒಂದು ತಪ್ಪನ್ನು ಇದು ಹಿಡಿಯಿತು. ಪಕ್ಕದ ನೋಟ ಬಂದಾಗಲೆಲ್ಲ ಓಬವ್ವ ಹಿಂದಕ್ಕೆ ವಾಲುತ್ತಿದ್ದಳು. ಕಿವಿಯಿಂದ ನೇರ ಗೆರೆ ಇಳಿಸಿದರೆ ಅದು ಹೆಗಲ ನಡುವಿನಲ್ಲಿ ಹಾದು ಕಾಲಿನ ಹರಡಿನ ಹತ್ತಿರಕ್ಕೆ ಬರಬೇಕು, ಇಲ್ಲಿ ಹಿಮ್ಮಡಿಯನ್ನೂ ದಾಟಿ ಹಿಂದೆ ಬಿದ್ದಿತ್ತು. ಎತ್ತರಗಳನ್ನು ಗೆರೆಗೆ ಕೂಡಿಸಿ ಬರೆದಿದ್ದರಿಂದ ಅಡ್ಡಗೆರೆ ಇದನ್ನು ಒಪ್ಪಿಕೊಂಡಿತ್ತು, ಪಕ್ಕದ ನೋಟಕ್ಕೆ ಜೋಡಿಯಿಲ್ಲದ್ದರಿಂದ ಮೇಲಿಟ್ಟು ನೋಡಲು ಸಾಧ್ಯವಿರಲಿಲ್ಲ.

ಒಂದನ್ನೇ ಆರಿಸಬೇಕೆಂದರೆ ನಾನು ಮೇಲಿಟ್ಟು ನೋಡುವುದನ್ನೇ ಆರಿಸುತ್ತೇನೆ, ಏಕೆಂದರೆ ಅದರಲ್ಲಿ ಕಣ್ಣಿನ ಅಂದಾಜಿಗೆ ಜಾಗವಿಲ್ಲ. ಸಮಯವಿದ್ದರೆ ಅಡ್ಡಗೆರೆಯನ್ನು ಮೊದಲು ಎಳೆದು ಎತ್ತರಗಳನ್ನು ಸರಿಪಡಿಸಿಕೊಳ್ಳುತ್ತೇನೆ. ಎತ್ತರ ಕೂಡದಿದ್ದಾಗ ಮೇಲಿಟ್ಟರೆ ಮೈಯೆಲ್ಲ ಬಿಳಿ ಅಂಚುಗಳಾಗಿ ಯಾವುದು ಅಗಲದ ತಪ್ಪೆಂದು ತಿಳಿಯುವುದಿಲ್ಲ. ಓಡಿಸಿ ನೋಡುವುದು ತಿದ್ದಿದ ಶೀಟು ವಾಪಸ್ ಬಂದ ಮೇಲೆ.